ಬಲೀಂದ್ರನ ಗಂಟೆ, ನನ್ನ ಗಂಟೆ

ದೀಪಾವಳಿಗೆ ಅಪ್ಪ ಅಮ್ಮನಿಗೆ "ಹಬ್ಬದ ಶುಭಾಶಯಗಳು" ಅಂತ ಮೆಸೇಜು ಕಳಿಸಿದರೆ ಅಪ್ಪನಿಂದ ಬರುವುದು ಒಂದು ಹೆಬ್ಬೆರಳು ಮಾತ್ರ. ತಪ್ಪು ಅವರದ್ದಲ್ಲ. ನಮ್ಮ ಮಂಗಳೂರಿನ ಮನೆಯಲ್ಲಿ ಯಾರೂ ಯಾರಿಗೂ ಎದುರೆದುರು ನಿಂತು ಶುಭಾಶಯ ಹೇಳಿದ್ದು ನಾನು ಕಂಡಿಲ್ಲ. ನಮ್ಮಲ್ಲಿ ಹಬ್ಬಕ್ಕೆ ಹೇಳುವ ಮಾತು ಒಂದೇ... "ಕೂ"!

ತುಳುನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ವಾಮನ ಪಾತಾಳಕ್ಕೆ ತುಳಿದ ಬಲಿ ನಮಗೆ ರಾಕ್ಷಸನಲ್ಲ, ಈ ನೆಲದ ದೊರೆ. ವರ್ಷಕ್ಕೊಮ್ಮೆ ದೀಪಾವಳಿಯ ಹೊತ್ತಿಗೆ ತನ್ನ ಊರು ನೋಡಲು ಬರುತ್ತಾನೆ. ಅಂಗಳದಲ್ಲಿ ಹಾಲೆ ಮರದ ಕಂಬ ನೆಟ್ಟು, ಹೂ ಸಿಕ್ಕಿಸಿ, ದೀಪ ಇಟ್ಟು ಅವನನ್ನು ಕರೆಯುತ್ತಾರೆ. ಗದ್ದೆ ಇದ್ದವರು ಗದ್ದೆಗೂ ದೀಪ ಒಯ್ಯುತ್ತಾರೆ. ಹಿರಿಯರು ಬಲೀಂದ್ರನನ್ನು ಕರೆದು "ಕೂ" ಎಂದರೆ ಮನೆಮಂದಿಯೆಲ್ಲ "ಕೂ" ಎಂದು ದನಿ ಸೇರಿಸಬೇಕು.

ಕಾವೂರಿನ ನಮ್ಮ ಮನೆಯ ಹಿಂದೆ ನಾನು ಸಣ್ಣವನಿದ್ದಾಗ ಗದ್ದೆಗಳಿದ್ದವು. ಆ ಕಡೆಯ ಮನೆಯ ಕೂ, ಈ ಕಡೆಯ ಮನೆಯ ಕೂ, ಕತ್ತಲಲ್ಲಿ ಒಂದಕ್ಕೊಂದು ಉತ್ತರ. ಈಗ ಗದ್ದೆ ತುಂಬಿಸಿ ಫ್ಲಾಟು ಎದ್ದಿದೆ. ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ. ಅಪ್ಪ ಕೂ ಹಾಕಿದರೆ ದನಿಗೂಡಿಸಲು ಅಮ್ಮ ಒಬ್ಬಳು!

ನಾನು ಕ್ಯಾಲಿಫೋರ್ನಿಯಾಕ್ಕೆ ಬಂದ ಮೊದಲ ವರ್ಷ, 2022ರಲ್ಲಿ, ಬಲಿಪಾಡ್ಯಮಿ ಅಕ್ಟೋಬರ್ 26ಕ್ಕೆ ಬಂತು. ಅಪ್ಪ ಸಂಜೆ ಏಳಕ್ಕೆ ಸರಿಯಾಗಿ ದೀಪ ಹಚ್ಚುವವರು. ಇಲ್ಲಿ ಅದೇ ದಿನ ಬೆಳಗ್ಗೆ ಆರೂವರೆ, ಹೊರಗೆ ಇನ್ನೂ ಕತ್ತಲು. ಅಮ್ಮ ಫೋನು ಹಿಡಿದು ನಿಂತಿದ್ದಳು. ರೂಮ್‌ಮೇಟ್ ಮಲಗಿದ್ದ ಕಾರಣ ನಾನು ಕಂಬಳಿಯೊಳಗೆ ಪಿಸುಗುಟ್ಟಿದೆ, "ಕೂ". ಅಪ್ಪ ನಕ್ಕು, "ಎಂತ ಮಾರಾಯ, ಬೆಕ್ಕಿನ ಹಾಗೆ?" ಎಂದರು.

2023ರಲ್ಲಿ ಪಾಡ್ಯಮಿ ನವೆಂಬರ್ 14ಕ್ಕೆ. ಈ ಸಲ ಜೋರಾಗಿಯೇ ಕೂ ಹಾಕುವುದೆಂದು ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ಹೋಗಿ, ಕಾರಿನ ಗಾಜು ಏರಿಸಿ ಕುಳಿತು, ಹಿಂದಿನ ವರ್ಷದ ಹಾಗೆಯೇ ಆರೂವರೆಗೆ ಫೋನು ಮಾಡಿದೆ. ಅಮ್ಮ ಎತ್ತಿದಳು. ಹಿಂದೆ ಕಾವಲಿ ಮೇಲೆ ದೋಸೆ ಹುಯ್ಯುವ ಚುಂಯ್ ಶಬ್ದ.

"ಅಪ್ಪ ಎಲ್ಲಿ? ಶುರು ಮಾಡಿ..."

ಅಪ್ಪ ಫೋನು ತೆಗೆದುಕೊಂಡರು. "ಬಲೀಂದ್ರ ಬಂದು ಹೋಗಿ ಆಯ್ತು ಮಾರಾಯ. ನೀನು ಮಾತ್ರ ಬರ್ಲಿಲ್ಲ."

ಅಲ್ಲಿ ಗಂಟೆ ಎಂಟಾಗಿತ್ತು. ಏಳೂಕಾಲರ ತನಕ ಕಾದು, ಎಣ್ಣೆ ಮುಗಿಯುತ್ತದೆಂದು ಇಬ್ಬರೇ ಕೂ ಹಾಕಿ ಒಳಗೆ ಬಂದಿದ್ದರು. ನನ್ನ ಫೋನು ಯಾಕೆ ಬಂದಿಲ್ಲವೆಂದು ಅವರೂ ಮಾಡಿರಲಿಲ್ಲ. "ಆಫೀಸಿನ ಕೆಲಸ ಇರಬಹುದು ಅಂತ" ಎಂದಳು ಅಮ್ಮ.

ಆದದ್ದು ಇಷ್ಟೇ. ಅಮೆರಿಕದಲ್ಲಿ ನವೆಂಬರ್ ತಿಂಗಳ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದೆ ಸರಿಸುತ್ತಾರೆ. ಅದಕ್ಕೂ ಮೊದಲು ಕ್ಯಾಲಿಫೋರ್ನಿಯಾ ನಮ್ಮ ಊರಿಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಆಮೇಲೆ ಹದಿಮೂರೂವರೆ. ನಮ್ಮ ದೀಪಾವಳಿಯೋ ಚಂದ್ರನ ಲೆಕ್ಕದ ಹಬ್ಬ. ಒಂದು ವರ್ಷ ಆ ಭಾನುವಾರದ ಈಚೆ ಬರುತ್ತದೆ, ಇನ್ನೊಂದು ವರ್ಷ ಆಚೆ. ಹಾಗಾಗಿ ಊರಿನ ಸಂಜೆ ಏಳು ನನಗೆ ಒಮ್ಮೆ ಆರೂವರೆ, ಒಮ್ಮೆ ಐದೂವರೆ. ಆಫೀಸಿನಲ್ಲಿ ಇಂಥದ್ದೇ ತಪ್ಪುಗಳನ್ನು ಹುಡುಕಿ ಸರಿಪಡಿಸಲು ಸಂಬಳ ಕೊಡುತ್ತಾರೆ ನನಗೆ! ಮೀಟಿಂಗನ್ನಾದರೆ ಫೋನಿನ ಕ್ಯಾಲೆಂಡರಿಗೆ ಊರಿನ ಸಮಯದಲ್ಲೇ ಬರೆದಿಡುತ್ತಿದ್ದೆ, ಅದು ತಾನೇ ಲೆಕ್ಕ ಹಾಕಿಕೊಳ್ಳುತ್ತಿತ್ತು. ಹಬ್ಬಕ್ಕೆ ಮಾತ್ರ ನೆನಪನ್ನು ನಂಬಿ ಅಲಾರಂ ಇಟ್ಟಿದ್ದೆ.

ಇದನ್ನೆಲ್ಲ ಅಪ್ಪನಿಗೆ ವಿವರಿಸಿದೆ. ಪೂರ್ತಿ ಕೇಳಿ, "ಅಲ್ಲ, ಪಾತಾಳದಿಂದ ಬರುವವನಿಗೆ ಗಂಟೆ ತಪ್ಪುದಿಲ್ಲ, ನಿನಗೆ ತಪ್ತದಾ?" ಎಂದರು. ನಕ್ಕೆ. ಫೋನಿಟ್ಟ ಮೇಲೆ ಮಾತ್ರ ಕಾರಿನಿಂದ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಬಲೀಂದ್ರನನ್ನು ಕರೆಯುವ ತುಳು ಮಾತುಗಳಲ್ಲಿ ಅವನು ರಾಜ್ಯ ಆಳಲು ಮರಳಿ ಬರುವುದಕ್ಕೆ ಷರತ್ತುಗಳಿವೆ. ಉಪ್ಪು ಕರ್ಪೂರವಾಗಬೇಕು, ಕಲ್ಲು ಹೂ ಬಿಡಬೇಕು... ಅಂದರೆ ಬರುವುದೇ ಬೇಡ ಎಂದಂತೆ. ಸಣ್ಣವನಿದ್ದಾಗ ಅದು ತಮಾಷೆ ಅನಿಸುತ್ತಿತ್ತು. ಈಗ "ಯಾವಾಗ ಬರ್ತಿ?" ಎಂದು ಅಮ್ಮ ಕೇಳಿದಾಗ "ಈ ಪ್ರಾಜೆಕ್ಟು ಮುಗಿಯಲಿ, ವೀಸಾ ಸ್ಟಾಂಪಿಂಗಿಗೆ ದಿನ ಸಿಗಲಿ" ಎನ್ನುವಾಗೆಲ್ಲ ಆ ಷರತ್ತುಗಳು ನೆನಪಾಗುತ್ತವೆ. ಅವನಿಗೆ ಷರತ್ತು ಹಾಕಿದ್ದು ವಾಮನ. ನನಗೆ ಹಾಕಿದವರು ಯಾರು? ಅರ್ಧ ನಾನೇ.

2024ರಲ್ಲೂ 2025ರಲ್ಲೂ ತಪ್ಪಿಸಲಿಲ್ಲ. ಎರಡೂ ವರ್ಷ ಪಾಡ್ಯಮಿ ಗಡಿಯಾರ ಸರಿಯುವ ಮೊದಲೇ ಬಂದಿತ್ತು. ಆರೂವರೆಗೆ ಕಾರಿನಲ್ಲಿ ಕುಳಿತು ಗಂಟಲು ಬಿಟ್ಟು ಕೂಗಿದೆ. ಅಪ್ಪನ ಕೂ ಮುಗಿದು ಒಂದು ಕ್ಷಣದ ಮೇಲೆ ನನ್ನದು ಅಂಗಳಕ್ಕೆ ತಲುಪುತ್ತದೆ. ದೂರದ ಗದ್ದೆಯಿಂದ ಯಾರೋ ಓಗೊಟ್ಟ ಹಾಗೆಯೇ ಕೇಳುತ್ತದಂತೆ, ಅಮ್ಮ ಹೇಳಿದ್ದು.

2026ರ ಪಾಡ್ಯಮಿ ನವೆಂಬರ್ 10ಕ್ಕೆ. ಇಲ್ಲಿ ಗಡಿಯಾರ ಸರಿಯುವುದು ನವೆಂಬರ್ 1ಕ್ಕೆ. ಅಂದರೆ ಐದೂವರೆ. ಈ ಸಲ ಕ್ಯಾಲೆಂಡರಿನಲ್ಲಿ ಊರಿನ ಸಮಯದಲ್ಲೇ ಬರೆದಿಟ್ಟಿದ್ದೇನೆ: ಸಂಜೆ ಏಳು, ಮಂಗಳೂರು, ಕೂ.