ಅಮೀನ ತಂದ ಕಾಗದ

ಸಿವಿಲ್ ನ್ಯಾಯಾಲಯದ ಸಮನ್ಸು ಮನೆಬಾಗಿಲಿಗೆ ಬಂದಾಗ ಮೊದಲು ನೆನಪಾಗುವುದು ಪೊಲೀಸು ಮತ್ತು ಜೈಲುಗಳೇ ಆದರೂ, ಆ ಕಾಗದದಲ್ಲಿ ಅಪರಾಧದ ಆರೋಪವಾಗಲಿ ತೀರ್ಪಾಗಲಿ ಇರುವುದಿಲ್ಲ. ವಾದಿ, ಎಂದರೆ ದಾವೆ ಹೂಡಿದವರು, ಹೀಗೆ ಕೇಳಿದ್ದಾರೆ, ಪ್ರತಿವಾದಿಯ ಉತ್ತರವೇನು ಎಂದು ವಿಚಾರಿಸುವುದಷ್ಟೇ ಅದರ ಕೆಲಸ. ಪಾಲಿನ ದಾವೆಯಲ್ಲಿ ಇದು ಇನ್ನೂ ಸ್ಪಷ್ಟ. ಅಣ್ಣ ತಮ್ಮನ ಮೇಲೆ ದಾವೆ ಹೂಡಿದರೂ ಆಸ್ತಿಯಲ್ಲಿ ಪಾಲುಳ್ಳವರೆಲ್ಲರನ್ನೂ ಸೇರಿಸಲೇಬೇಕಾದ್ದರಿಂದ, ಯಾರೊಡನೆಯೂ ಜಗಳವಿಲ್ಲದೆ ಬೇರೆ ಊರಿನಲ್ಲಿ ಸಂಸಾರ ಮಾಡಿಕೊಂಡಿರುವ ತಂಗಿಯೂ ಎರಡನೆಯ ಪ್ರತಿವಾದಿಯಾಗುತ್ತಾಳೆ.

ಸಮನ್ಸು ತಂದ ಅಮೀನನ ಮುಂದೆ ಸಹಿ ಹಾಕಿದರೆ ವಾದಿಯ ಮಾತನ್ನು ಒಪ್ಪಿದಂತಾಗುತ್ತದೆ ಎಂಬ ಅಂಜಿಕೆ ಸಾಮಾನ್ಯವಾದರೂ, ಆ ಸಹಿ ಕಾಗದ ತಲುಪಿದ್ದಕ್ಕೆ ರಸೀದಿಯೇ ಹೊರತು ಬೇರೇನಲ್ಲ. ತೆಗೆದುಕೊಳ್ಳಲು ನಿರಾಕರಿಸಿದರೆ ಅಮೀನನು ಪ್ರತಿಯೊಂದನ್ನು ಮನೆಯ ಹೊರಬಾಗಿಲಿಗೆ ಅಂಟಿಸಿ ನ್ಯಾಯಾಲಯಕ್ಕೆ ವರದಿ ಮಾಡುತ್ತಾನೆ. ನ್ಯಾಯಾಲಯ ಅದನ್ನು ಒಪ್ಪಿದರೆ ಸಮನ್ಸು ಜಾರಿಯಾದಂತೆಯೇ, ಕಳೆದುಹೋಗುವುದು ಅದನ್ನು ಓದುವ ಅವಕಾಶ ಮಾತ್ರ.

ಓದುವಾಗ ಗಮನಿಸಬೇಕಾದದ್ದು ಎರಡು ದಿನಾಂಕಗಳನ್ನು. ಒಂದು ಕಾಗದದಲ್ಲೇ ಬರೆದಿರುವ ಹಾಜರಿಯ ದಿನ. ಅಂದು ಸಾಮಾನ್ಯವಾಗಿ ಸ್ವತಃ ಹೋಗಲೇಬೇಕೆಂದಿಲ್ಲ, ವಕಾಲತ್ತು ಪಡೆದ ವಕೀಲರು ಹಾಜರಾದರೂ ಸಾಕು. ಇನ್ನೊಂದನ್ನು ಪ್ರತಿವಾದಿಯೇ ಲೆಕ್ಕ ಹಾಕಿಕೊಳ್ಳಬೇಕು: 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಲಿಖಿತ ಹೇಳಿಕೆಯನ್ನು, ಎಂದರೆ ವಾದಪತ್ರಕ್ಕೆ ಕೊಡುವ ಬರಹದ ಉತ್ತರವನ್ನು, ಸಮನ್ಸು ಜಾರಿಯಾದ 30 ದಿನಗಳೊಳಗೆ ಸಲ್ಲಿಸಬೇಕು, ನ್ಯಾಯಾಲಯ ಕಾರಣ ದಾಖಲಿಸಿ ಈ ಗಡುವನ್ನು 90ನೆಯ ದಿನದವರೆಗೆ ವಿಸ್ತರಿಸಬಹುದು. ತಂಗಿಗೆ ಜೂನ್ 10ರಂದು ಸಮನ್ಸು ತಲುಪಿ ಹಾಜರಿ ಜುಲೈ 3ಕ್ಕೆ ಇದ್ದರೆ, ಉತ್ತರದ ಗಡುವು ಜುಲೈ 10ಕ್ಕೆ ಮುಗಿಯುತ್ತದೆ, ವಿಸ್ತರಣೆ ಸಿಕ್ಕರೆ ಸೆಪ್ಟೆಂಬರ್ 8ಕ್ಕೆ. ಹಾಜರಿಯ ದಿನ ವಕೀಲರು ವಕಾಲತ್ತು ಹಾಕಿದರೆಂದು ನಿಶ್ಚಿಂತರಾಗುವವರು ಎಡವುವುದು ಈ ಎರಡನೆಯ ಲೆಕ್ಕದಲ್ಲೇ.

ಸಮನ್ಸಿನೊಡನೆ ವಾದಪತ್ರದ ಪ್ರತಿ ಇರಲೇಬೇಕು, ಉತ್ತರ ಬೇಕಿರುವುದು ಅದರ ಒಂದೊಂದು ಮಾತಿಗೆ. ತಂಗಿ ತನ್ನ ಹಕ್ಕನ್ನು ಹಿಂದೆಯೇ ಬಿಟ್ಟುಕೊಟ್ಟಿದ್ದಾಳೆ ಎಂಬ ಸಾಲೊಂದು ಅದರಲ್ಲಿದ್ದು, ಅದು ಅಣ್ಣತಮ್ಮಂದಿರ ವ್ಯಾಜ್ಯವೆಂದು ಅವಳು ಸುಮ್ಮನಿದ್ದರೆ, ನ್ಯಾಯಾಲಯ ಅವಳ ಗೈರುಹಾಜರಿಯಲ್ಲಿ ಏಕಪಕ್ಷೀಯವಾಗಿ ಮುಂದುವರಿಯಬಹುದು ಮತ್ತು ಆ ಸಾಲನ್ನು ಅಲ್ಲಗಳೆಯುವವರೇ ಇಲ್ಲವಾಗಬಹುದು. ಏಕಪಕ್ಷೀಯ ಡಿಕ್ರಿಯನ್ನು ರದ್ದುಪಡಿಸುವಂತೆ 30 ದಿನಗಳೊಳಗೆ ಕೇಳಿಕೊಳ್ಳಲು ದಾರಿಯಿದ್ದರೂ, ಸಮನ್ಸು ಸರಿಯಾಗಿ ಜಾರಿಯಾಗಿರಲಿಲ್ಲವೆಂದೋ ಹಾಜರಾಗದಿರಲು ತಕ್ಕ ಕಾರಣವಿತ್ತೆಂದೋ ಅಲ್ಲಿ ತೋರಿಸಬೇಕಾಗುತ್ತದೆ. ಬಾಗಿಲು ಮುಚ್ಚಿಕೊಂಡಿದ್ದು ಅಂಥ ಕಾರಣವಲ್ಲ. ಆದ್ದರಿಂದಲೇ ಕಾಗದ ಕೈಸೇರಿದ ತಾರೀಖನ್ನು ಅಂದೇ ಅದರ ಬೆನ್ನಿಗೆ ಬರೆದಿಡುವವರು, ವಕೀಲರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಸಿದ್ಧಮಾಡಿಕೊಂಡೇ ಮನೆಯಿಂದ ಹೊರಡುತ್ತಾರೆ.