ಎರಡು ಸಲ ಅಳೆದ ಎಂಟನೇ ತರಗತಿ

ಅಭ್ಯಾಸ ಬೋಧನೆಗೆ ನನ್ನನ್ನು ಚಿಂಚೋಳಿ ತಾಲ್ಲೂಕಿನ ಐನಾಪುರಕ್ಕೆ ಹಾಕಿದ್ದರು. ಎಂಟನೇ ತರಗತಿಯ ಗಣಿತದಲ್ಲಿ ಅಂಕಿ-ಅಂಶಗಳ ಪಾಠ ನನ್ನ ಪಾಲಿಗೆ ಬಂತು. ಪುಸ್ತಕದಲ್ಲಿ ಕೊಟ್ಟ ಅಂಕಿಗಳಿಗೆ ಸರಾಸರಿ ತೆಗೆಸುವ ಬದಲು ಮಕ್ಕಳ ಮೈಯಿಂದಲೇ ಅಂಕಿ ಪಡೆಯೋಣ ಎಂದು ಪಾಠಯೋಜನೆ ಬರೆದೆ. ಎತ್ತರ, ತೂಕ, ಚಾಚಿದ ತೋಳುಗಳ ಅಳತೆ, ಕುಳಿತು ಮುಂದೆ ಬಾಗಿ ಕೈ ಮುಟ್ಟಿಸುವ ಅಳತೆ, ಹೀಗೆ ನಾಲ್ಕು. ಮಕ್ಕಳು 32. ದೈಹಿಕ ಶಿಕ್ಷಣ ಶಿಕ್ಷಕರಿಗೂ ಇದರಲ್ಲಿ ಆಸಕ್ತಿ ಇತ್ತು. ಖೇಲೋ ಇಂಡಿಯಾ ಶಾಲಾ ಫಿಟ್‌ನೆಸ್ ಪರೀಕ್ಷೆಗಳಲ್ಲಿ ಎತ್ತರ, ತೂಕ ಮತ್ತು ಬಾಗುವ ಅಳತೆ ಇವೆ. ಆ ಅಂಕಿಗಳು ಮಗುವಿನ ಹೆಸರಿನ ಮುಂದೆ ದಾಖಲಾಗುತ್ತವೆ.

ಯೋಜನೆಯಲ್ಲಿ ಒಂದೇ ಒಂದು ನಿಯಮವನ್ನು ಗಟ್ಟಿಯಾಗಿ ಇಟ್ಟುಕೊಂಡೆ. ಪ್ರತಿಯೊಂದನ್ನೂ ಎರಡು ಸಲ, ಎರಡು ಬೇರೆ ತಂಡಗಳು ಅಳೆಯಬೇಕು. ಒಂದು ತಂಡದ ಚೀಟಿಯನ್ನು ಇನ್ನೊಂದು ತಂಡ ನೋಡಬಾರದು. ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಭಾರತವೂ ಸೇರಿ ಆರು ದೇಶಗಳಲ್ಲಿ ಚಿಕ್ಕ ಮಕ್ಕಳ ಬೆಳವಣಿಗೆಯನ್ನು ಅಳೆದಾಗ ಅನುಸರಿಸಿದ ಕ್ರಮವೂ ಇದೇ. ಅಲ್ಲಿ ಇಬ್ಬರು ಬೇರೆ ಬೇರೆಯಾಗಿ ಅಳೆದು ಆಮೇಲೆ ಹೋಲಿಸುತ್ತಿದ್ದರು. ಎತ್ತರದಲ್ಲಿ 7 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಅಳೆಯುತ್ತಿದ್ದರು. ನಾನು ಆ 7 ಮಿ.ಮೀ. ಗೆರೆಯನ್ನೇ ತರಗತಿಗೆ ತಂದೆ.

ಎತ್ತರ ಅಳೆಯಲು ಮೊದಲು ಗೋಡೆ ಹುಡುಕಬೇಕಾಯಿತು. ನಮ್ಮ ಕಡೆಯ ಕಟ್ಟಡಗಳಲ್ಲಿ ನೆಲಕ್ಕೆ ಶಹಾಬಾದ್ ಕಲ್ಲು ಹಾಸಿ, ಗೋಡೆಯ ಬುಡಕ್ಕೂ ಅದೇ ಕಲ್ಲಿನ ಪಟ್ಟಿ ಕೂಡಿಸುತ್ತಾರೆ. ಆ ಪಟ್ಟಿ ಗೋಡೆಗಿಂತ ಮುಂದೆ ಚಾಚಿರುವುದರಿಂದ ಹಿಮ್ಮಡಿ ಗೋಡೆಗೆ ತಾಗುವುದಿಲ್ಲ. ಮಗು ಬೆನ್ನು ತಾಗಿಸಲು ಹಿಂದಕ್ಕೆ ವಾಲುತ್ತದೆ. ಪಟ್ಟಿಯಿಲ್ಲದ ಜಾಗ ಸಿಕ್ಕಿದ್ದು ವರಾಂಡದ ಕಂಬದಲ್ಲಿ. ಅದರ ಬುಡದಲ್ಲಿ ಎರಡು ಕಲ್ಲುಗಳ ಸಂದು ಬರದಂತೆ ನೋಡಿಕೊಂಡು, ಉಕ್ಕಿನ ಟೇಪನ್ನು ಸೊನ್ನೆ ನೆಲಕ್ಕೆ ಮುಟ್ಟುವಂತೆ ಅಂಟಿಸಿದೆವು. ಟೇಲರ್ ಬಳಿಯಿಂದ ತಂದಿದ್ದ ಬಟ್ಟೆಯ ಟೇಪನ್ನು ಪಕ್ಕದಲ್ಲಿ ಹಿಡಿದು ನೋಡಿದಾಗ 150 ಸೆಂ.ಮೀ. ಹತ್ತಿರ 1.2 ಸೆಂ.ಮೀ. ವ್ಯತ್ಯಾಸ ಇತ್ತು. ಎಳೆದು ಎಳೆದು ಅದು ಉದ್ದವಾಗಿತ್ತು. ಅದನ್ನು ಪಕ್ಕಕ್ಕಿಟ್ಟೆವು.

ತಲೆಯ ಮೇಲೆ ಇಡಲು ಮಕ್ಕಳು ಮೊದಲು ಎತ್ತಿಕೊಂಡದ್ದು ನೋಟ್‌ಬುಕ್. ನೋಟ್‌ಬುಕ್ ಕೈಯಲ್ಲಿ ವಾಲುತ್ತದೆ. ನೆತ್ತಿಯ ಎತ್ತರದ ಬಿಂದು ಕಂಬದಿಂದ ಸುಮಾರು 10 ಸೆಂ.ಮೀ. ಮುಂದೆ ಇರುತ್ತದೆ, ಪುಸ್ತಕ ಬರೀ 5 ಡಿಗ್ರಿ ವಾಲಿದರೂ ಕಂಬದ ಮೇಲಿನ ಅಂಕಿ ಸುಮಾರು 9 ಮಿ.ಮೀ. ಆಚೀಚೆ ಆಗುತ್ತದೆ. ಹಾಗಾಗಿ ಕಪ್ಪುಹಲಗೆಗೆ ಬಳಸುವ ಮರದ ದೊಡ್ಡ ಮೂಲೆಮಟ್ಟವನ್ನು ತಂದೆವು. ಅದರ ಒಂದು ಬದಿ ಕಂಬಕ್ಕೆ ಒತ್ತಿ ನಿಂತರೆ ಇನ್ನೊಂದು ಬದಿ ತಾನಾಗಿಯೇ ಮಟ್ಟಸವಾಗಿರುತ್ತದೆ. ಮಗು ಬರಿಗಾಲಲ್ಲಿ ನಿಂತು, ಕಣ್ಣಿನ ಕೆಳಗಿನ ಎಲುಬಿನ ಅಂಚೂ ಕಿವಿಯ ರಂಧ್ರವೂ ಒಂದೇ ಮಟ್ಟಕ್ಕೆ ಬರುವಂತೆ ನೇರ ನೋಡಬೇಕು. ಓದುವವರ ಕಣ್ಣು ಅಂಕಿಯ ಮಟ್ಟದಲ್ಲಿರಬೇಕು. ಕುಳ್ಳಗಿದ್ದವರು ಸ್ಟೂಲ್ ಹತ್ತಿದರು.

ಮೊದಲ ಆರು ಮಕ್ಕಳ ಎರಡೂ ಚೀಟಿಗಳನ್ನು ಕಪ್ಪುಹಲಗೆಯ ಮೇಲೆ ಹೆಸರಿಲ್ಲದೆ, ಸಂಖ್ಯೆ ಕೊಟ್ಟು ಬರೆದೆ.

| ಮಗು | ತಂಡ 1 (ಸೆಂ.ಮೀ.) | ತಂಡ 2 (ಸೆಂ.ಮೀ.) | ವ್ಯತ್ಯಾಸ |
|---|---|---|---|
| 1 | 142.3 | 142.7 | 0.4 |
| 2 | 138.6 | 138.1 | 0.5 |
| 3 | 150.2 | 150.4 | 0.2 |
| 4 | 145.9 | 147.3 | 1.4 |
| 5 | 136.8 | 136.5 | 0.3 |
| 6 | 148.0 | 148.3 | 0.3 |

ನಾಲ್ಕನೆಯ ಸಾಲು 7 ಮಿ.ಮೀ. ಗೆರೆ ದಾಟಿತ್ತು. ಯಾವುದು ಸರಿ ಎಂದು ಕೇಳಿದಾಗ ತರಗತಿ ಎರಡು ಪಾಲಾಯಿತು. ಒಬ್ಬ ಸರಾಸರಿ ತೆಗೆದರೆ ಜಗಳ ಮುಗಿಯಿತು ಎಂದ. ನಾನು ಅಂಕಿಯನ್ನು ಬಿಟ್ಟು ಹುಡುಗಿಯನ್ನು ನೋಡಲು ಹೇಳಿದೆ. ಎರಡನೇ ಸಲಕ್ಕೆ ಬರುವಷ್ಟರಲ್ಲಿ ಆಕೆ ಜಡೆಗಳನ್ನು ನೆತ್ತಿಯ ಮೇಲೆ ಎತ್ತಿ ರಿಬ್ಬನ್ ಬಿಗಿದುಕೊಂಡಿದ್ದಳು. ಬಿಚ್ಚಿ ಮತ್ತೆ ಅಳೆದಾಗ 145.8 ಬಂತು. ಚೀಟಿಯಲ್ಲಿ 147.3ರ ಮೇಲೆ ಒಂದೇ ಗೆರೆ ಎಳೆದು, ಹಳೆಯ ಅಂಕಿ ಕಾಣುವಂತೆ ಬಿಟ್ಟು, ಪಕ್ಕದಲ್ಲಿ 145.8 ಎಂದೂ ಕಾರಣ ‘ಜಡೆ’ ಎಂದೂ ಬರೆದೆವು. ಸರಾಸರಿ ತೆಗೆದಿದ್ದರೆ 146.6 ಎಂಬ, ಯಾರೂ ಅಳೆಯದ ಎತ್ತರವೊಂದು ಆಕೆಯ ಹೆಸರಿಗೆ ಸೇರುತ್ತಿತ್ತು.

ತಿದ್ದಿದ ಮೇಲೆ ಆರು ವ್ಯತ್ಯಾಸಗಳ ಮೊತ್ತ 1.8, ಸರಾಸರಿ 0.3 ಸೆಂ.ಮೀ. ಇದು ಮಕ್ಕಳ ಎತ್ತರದ ವ್ಯತ್ಯಾಸವಲ್ಲ, ನಮ್ಮ ಕೈಯ ವ್ಯತ್ಯಾಸ. ಹಾಗಾದರೆ 142.3 ಇರುವವನೂ 142.5 ಇರುವವನೂ ಪಕ್ಕಪಕ್ಕ ನಿಂತರೆ ಯಾರು ಎತ್ತರ? ಸ್ವಲ್ಪ ಹೊತ್ತು ಸುಮ್ಮನಿದ್ದು ಒಬ್ಬಳು, “ಹೇಳ್ಲಿಕ್ಕೆ ಬರಂಗಿಲ್ರಿ ಮೇಡಂ, ನಮ್ಮ ಅಳತಿನೇ ಅಷ್ಟು ಅಲ್ಲಾಡ್ತದ” ಎಂದಳು. ಆ ಘಟಕದಲ್ಲಿ ನಾನು ಕಲಿಸಬೇಕೆಂದಿದ್ದ ಮಾತು ಅದೇ ಆಗಿತ್ತು.

ಇದು ಹೀಗೆ ಕೂಡಿಬರಬೇಕಾದರೆ ಎರಡೂ ಅಳತೆಗಳು ಒಂದೇ ಅವಧಿಯಲ್ಲಿ ಆಗಬೇಕು. ದಿನ ಕಳೆದಂತೆ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಒತ್ತಿಕೊಂಡು ಎತ್ತರ 1 ಸೆಂ.ಮೀ.ನಷ್ಟು ಇಳಿಯಬಹುದು. ಬೆಳಿಗ್ಗೆ ಒಂದು, ಸಂಜೆ ಒಂದು ಅಳೆದರೆ ಕೈಯ ವ್ಯತ್ಯಾಸವೂ ಮೈಯ ವ್ಯತ್ಯಾಸವೂ ಕಲಸಿಹೋಗುತ್ತವೆ. ತೂಕವನ್ನೂ ಬಿಸಿಯೂಟದ ಮೊದಲೇ ಮುಗಿಸಿದೆವು. ತೂಕದ ಯಂತ್ರ ಸರಿಯಿದೆಯೇ ಎಂದು ತಿಳಿಯಲು ಕಿರಾಣಿ ಅಂಗಡಿಯ 5 ಕೆ.ಜಿ. ಕಲ್ಲು ಸಾಕಾಯಿತು. ಒಬ್ಬರು ಬರಿಗೈಯಲ್ಲಿ ನಿಂತು, ಆಮೇಲೆ ಕಲ್ಲು ಹಿಡಿದು ನಿಂತು ನೋಡಿದಾಗ ಅಂಕಿ ಸರಿಯಾಗಿ 5 ಏರಬೇಕು. ತೂಕವನ್ನು ಮಾತ್ರ ಮಕ್ಕಳ ತಂಡಕ್ಕೆ ಬಿಡಲಿಲ್ಲ. ಕೋಣೆಯೊಳಗೆ ಒಬ್ಬೊಬ್ಬರನ್ನೇ ಕರೆದು, ದೈಹಿಕ ಶಿಕ್ಷಣ ಶಿಕ್ಷಕರು ಹುಡುಗರದ್ದನ್ನೂ ನಾನು ಹುಡುಗಿಯರದ್ದನ್ನೂ ನೋಡಿ, ಬಾಯಿಬಿಟ್ಟು ಹೇಳದೆ ಚೀಟಿಗೆ ಬರೆದೆವು. ತೂಕ ಕೂಗಿ ಹೇಳಿದರೆ ಅದೇ ದಿನ ಅದೊಂದು ಅಡ್ಡಹೆಸರಾಗುತ್ತದೆ.

ತೋಳಿನ ಅಳತೆಗೆ ಕೋಣೆಯ ಮೂಲೆ ಅನುಕೂಲ. ಒಂದು ಕೈಯ ನಡುಬೆರಳ ತುದಿ ಮೂಲೆಗೆ ತಾಗಬೇಕು, ಇನ್ನೊಂದು ಗೋಡೆಯುದ್ದಕ್ಕೂ ಚಾಚಬೇಕು. ಒಬ್ಬೊಬ್ಬರ ಹೆಗಲು ಒಂದೊಂದು ಎತ್ತರದಲ್ಲಿರುವುದರಿಂದ ಟೇಪನ್ನು ಅಡ್ಡ ಅಂಟಿಸುವಂತಿಲ್ಲ. ಮೂಲೆಯಿಂದ 120, 130, 140 ಹೀಗೆ 170ರವರೆಗೆ ಸೀಮೆಸುಣ್ಣದಲ್ಲಿ ಲಂಬ ಗೆರೆಗಳನ್ನು ಎಳೆದು, ಬೆರಳು ಮುಟ್ಟಿದ ಕಡೆಯಿಂದ ಹಿಂದಿನ ಗೆರೆಯವರೆಗೆ ಸ್ಕೇಲಿನಿಂದ ಅಳೆದೆವು. ತೋಳುಗಳು ಹೆಗಲಿನಿಂದ 10 ಡಿಗ್ರಿ ಕೆಳಗಿಳಿದರೂ ಒಟ್ಟು ಅಳತೆ ಸುಮಾರು 2 ಸೆಂ.ಮೀ. ಕಡಿಮೆಯಾಗುತ್ತದೆ. ಅದಕ್ಕಾಗಿ ಎದುರು ನಿಂತು ತೋಳು ಮಟ್ಟಸವಾಗಿದೆಯೇ ಎಂದು ನೋಡುವುದಕ್ಕೇ ಒಬ್ಬರನ್ನು ಇಟ್ಟೆವು.

ಇಲ್ಲಿ ಮೊದಲ ತಂಡದ ಚೀಟಿಗಳಲ್ಲಿ ಒಂದು ವಿಚಿತ್ರ ಕಂಡಿತು. 32 ಅಂಕಿಗಳಲ್ಲಿ 21 ಅಂಕಿಗಳ ಕೊನೆ 0 ಅಥವಾ 5. ಮಿಲಿಮೀಟರಿನವರೆಗೆ ನಿಜವಾಗಿ ಓದಿದ್ದರೆ ಹತ್ತರಲ್ಲಿ ಎರಡರಂತೆ ಆರೇಳು ಮಾತ್ರ ಹಾಗೆ ಬರಬೇಕು. ಅವರು ಸುಳ್ಳು ಬರೆದಿರಲಿಲ್ಲ; ಕಣ್ಣಳತೆಯಲ್ಲಿ ‘ಅರ್ಧ’ಕ್ಕೆ ಸರಿಸಿದ್ದರು. ಆಮೇಲೆ ಓದುವವರು ‘ಒಂದು, ನಾಲ್ಕು, ಆರು, ಪಾಯಿಂಟ್ ಎರಡು’ ಎಂದು ಅಂಕಿ ಅಂಕಿಯಾಗಿ ಹೇಳಬೇಕು, ಬರೆಯುವವರು ತಿರುಗಿ ಹೇಳಿ ಬರೆಯಬೇಕು ಎಂದು ಮಾಡಿದೆವು. ಕೊನೆಯ ಅಂಕಿಗಳನ್ನು ಎಣಿಸುವುದು ಐದು ನಿಮಿಷದ ಕೆಲಸ. ಯಾವ ತಂಡ ಸ್ಕೇಲ್ ಓದಿದೆ, ಯಾವುದು ಅಂದಾಜಿಸಿದೆ ಎಂಬುದು ಅದರಲ್ಲಿ ತಿಳಿದುಬಿಡುತ್ತದೆ.

ಇನ್ನೊಂದು ಚೀಟಿಯ ಮೇಲೆ ನಿಜವಾದ ವಾದ ನಡೆಯಿತು. ಒಬ್ಬ ಹುಡುಗನ ಎತ್ತರ 144.0, ತೋಳಿನ ಅಳತೆ 138.5. ಉಳಿದವರಲ್ಲಿ ಎರಡೂ ಹತ್ತಿರ ಹತ್ತಿರ ಇದ್ದವು. “ಇದು ತಪ್ಪದ, ಎತ್ತರದಷ್ಟೇ ಬರಬೇಕು” ಎಂದು ತಂಡದ ಮುಖಂಡ 143.5 ಎಂದು ತಿದ್ದಲು ಪೆನ್ನು ತೆಗೆದಿದ್ದ. ಎರಡನೇ ತಂಡದ ಚೀಟಿ ತೆರೆದೆವು: 138.7. ನೋಡದೆ ಅಳೆದ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಅಂಕಿ ಬಂದಿದೆ ಎಂದರೆ ಅದು ಅಳತೆಯ ದೋಷವಾಗುವುದು ಕಷ್ಟ. ನಾನು ಹುಡುಗನನ್ನು ಪಕ್ಕಕ್ಕೆ ಕರೆದು ಎದೆಯ ನಡುಗುಳಿಯಿಂದ ಎರಡೂ ಬೆರಳ ತುದಿಗಳವರೆಗೆ ಬೇರೆ ಬೇರೆ ಅಳೆದೆ. ಬಲಕ್ಕೆ 72.1, ಎಡಕ್ಕೆ 66.4. ಬಲಗೈಯ ಅಳತೆಯನ್ನು ಎರಡರಷ್ಟು ಮಾಡಿದರೆ 144.2, ಅವನ ಎತ್ತರದ ಹತ್ತಿರ. “ಸಣ್ಣಾಂವ ಇದ್ದಾಗ ಬಂಡಿ ಮ್ಯಾಲಿಂದ ಬಿದ್ದಿದ್ದೆ ರೀ, ಈ ಮೊಣಕೈ ಪೂರಾ ಚಾಚಂಗಿಲ್ಲ” ಎಂದ. ಬರೆಯಬಹುದೇ ಎಂದು ಕೇಳಿದೆ; ತಲೆಯಾಡಿಸಿದ. ಷರಾ ಕಾಲಂನಲ್ಲಿ ‘ಎಡ ಮೊಣಕೈ ಪೂರ್ತಿ ಚಾಚುವುದಿಲ್ಲ’ ಎಂದು ಸೇರಿತು. ಹಲಗೆಯ ಮೇಲಿನ ನಕ್ಷೆಯಲ್ಲಿ ಆ ಚುಕ್ಕೆ ಉಳಿದವುಗಳಿಂದ ದೂರವೇ ಉಳಿಯಿತು. 143.5 ಎಂದು ತಿದ್ದಿದ್ದರೆ ನಕ್ಷೆ ಅಂದವಾಗುತ್ತಿತ್ತು, ಅವನ ಕೈ ಮಾತ್ರ ದಾಖಲೆಯಿಂದ ಅಳಿಸಿಹೋಗುತ್ತಿತ್ತು.

ಕೊನೆಯದು ಬಾಗುವ ಅಳತೆ. ಕಾಲು ನೀಡಿ ಕುಳಿತು, ಅಂಗಾಲನ್ನು ಪೆಟ್ಟಿಗೆಗೆ ಒತ್ತಿ, ಮೊಣಕಾಲು ಮಡಚದೆ, ಒಂದು ಅಂಗೈ ಮೇಲೆ ಇನ್ನೊಂದು ಇಟ್ಟು ನಿಧಾನವಾಗಿ ಮುಂದೆ ಸರಿಸಿ ಎರಡು ಸೆಕೆಂಡ್ ನಿಲ್ಲಿಸಬೇಕು. ಪೆಟ್ಟಿಗೆಗಳಲ್ಲಿ ಎರಡು ಬಗೆ ಇವೆ: ಕೆಲವದರಲ್ಲಿ ಅಂಗಾಲಿನ ಮಟ್ಟವೇ ಸೊನ್ನೆ, ಕೆಲವದರಲ್ಲಿ ಅಂಗಾಲು 23 ಸೆಂ.ಮೀ. ಗುರುತಿನಲ್ಲಿರುತ್ತದೆ. ಮೊದಲ ಬಗೆಯಲ್ಲಿ ಬೆರಳು ಪಾದ ಮುಟ್ಟದವರದ್ದು ಋಣ ಸಂಖ್ಯೆ. ಮಕ್ಕಳು −4ನ್ನು ಬರೀ 4 ಎಂದು ಬರೆದರೆ 8 ಸೆಂ.ಮೀ. ತಪ್ಪು. ಅದಕ್ಕೆ ನಾವು 23ರ ಗುರುತನ್ನು ಆರಿಸಿ, ಹಾಳೆಯ ತಲೆಯಲ್ಲೇ ‘ಅಂಗಾಲು = 23’ ಎಂದು ಬರೆದೆವು.

ಇಲ್ಲಿ ಎರಡನೇ ಅಳತೆ ಬೇರೆಯೇ ಮಾತು ಹೇಳಿತು. ಎತ್ತರದಲ್ಲಿ ಎರಡನೇ ಅಂಕಿ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಇತ್ತು. ಬಾಗುವಾಗ 32ರಲ್ಲಿ 27 ಮಕ್ಕಳದ್ದು ಎರಡನೇ ಸಲ ಹೆಚ್ಚೇ ಆಗಿತ್ತು. ವ್ಯತ್ಯಾಸ ಒಂದೇ ದಿಕ್ಕಿಗೆ ಇದ್ದರೆ ಅದನ್ನು ಕೈಯ ಅಲ್ಲಾಟ ಎನ್ನುವಂತಿಲ್ಲ. ಮೊದಲ ಪ್ರಯತ್ನದಲ್ಲಿ ತೊಡೆಯ ಹಿಂಭಾಗದ ಸ್ನಾಯು ಸಡಿಲಾಗಿ, ಎರಡನೆಯದರಲ್ಲಿ ಮಗುವೇ ಮುಂದೆ ಹೋಗಿದೆ. ಆದ್ದರಿಂದ ಎತ್ತರಕ್ಕೆ ಎರಡರ ಸರಾಸರಿ ಬರೆದೆವು; ಬಾಗುವುದಕ್ಕೆ ಮೈ ಸಡಿಲಿಸಿದ ಬಳಿಕ ಎರಡು ಪ್ರಯತ್ನ ಕೊಟ್ಟು ಹೆಚ್ಚಿನದನ್ನು ಬರೆದೆವು, ಎರಡೂ ಅಂಕಿಗಳನ್ನು ಚೀಟಿಯಲ್ಲಿ ಉಳಿಸಿಕೊಂಡೆವು.

ಪಾಠ ವೀಕ್ಷಿಸಿದ ಮಾರ್ಗದರ್ಶಕ ಶಿಕ್ಷಕರು ಎರಡು ಅವಧಿಯ ಕೆಲಸಕ್ಕೆ ನಾಲ್ಕು ಅವಧಿ ಹಿಡಿದಿದೆ ಎಂದು ವೀಕ್ಷಣಾ ಪುಸ್ತಕದಲ್ಲಿ ಬರೆದರು. ಅದು ನಿಜ. ಸಮಯ ಕಡಿಮೆ ಇರುವ ಪ್ರಶಿಕ್ಷಣಾರ್ಥಿಗಳು ನಾಲ್ಕು ಅಳತೆಗಳ ಬದಲು ಎತ್ತರ ಮತ್ತು ಬಾಗುವ ಅಳತೆ ಎರಡನ್ನೇ ತೆಗೆದುಕೊಳ್ಳಬಹುದು. ಎರಡನೇ ಅಂಕಿಯ ಎರಡು ಬೇರೆ ಅರ್ಥಗಳು ಅವುಗಳಲ್ಲೇ ಸಿಗುತ್ತವೆ. ಚೀಟಿಯಲ್ಲಿ ಮಗುವಿನ ಸಂಖ್ಯೆ, ದಿನ, ಹೊತ್ತು, ಅಳೆದವರು, ಮೊದಲ ಅಂಕಿ, ಎರಡನೇ ಅಂಕಿ, ಬೇಕಾದರೆ ಮೂರನೆಯದು, ಷರಾ ಇಷ್ಟಿರಲಿ. ಷರಾ ಕಾಲಂ ಮಾತ್ರ ಅಗಲವಾಗಿರಲಿ.