ಶೇ 12 ಯಾವುದರ ಮೇಲೆ?

ವರ್ಷದ ನಡುವೆ ಹೊರಡುವ ಕಡಿತದ ಸುತ್ತೋಲೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ‘ಆರ್ಥಿಕ ಪರಿಸ್ಥಿತಿಯ ಕಾರಣ ಎಲ್ಲ ವಿಭಾಗಗಳ ಬಜೆಟ್ಟಿನಲ್ಲಿ ಶೇ 12 ಕಡಿತಗೊಳಿಸಲಾಗಿದೆ. ಸಹಕರಿಸಬೇಕು.’ ಹಲಸೂರು ಕಡೆಯ ಒಂದು ಟ್ರಸ್ಟ್ ಆಸ್ಪತ್ರೆಯ ಲೆಕ್ಕಪತ್ರ ವಿಭಾಗದಲ್ಲಿದ್ದಾಗ ಇಂಥದ್ದೊಂದು ಕರಡನ್ನು ತಿದ್ದುವ ಕೆಲಸ ನನಗೆ ಬಂತು. ಅದನ್ನು ಹಿಡಿದು ಲ್ಯಾಬ್ ಮುಖ್ಯಸ್ಥೆಯ ಬಳಿ ಹೋದೆ.

“ಸಾರ್, ಹನ್ನೆರಡು ಅಂದ್ರೆ ಯಾವುದರ ಮೇಲೆ?” ಎಂದರು ಮೇಡಂ.

ಲೆಕ್ಕ ಹಾಕಿದೆವು. ಲ್ಯಾಬಿನ ಬಜೆಟ್ 40 ಲಕ್ಷ. ಅದರ ಶೇ 12 ಎಂದರೆ 4.8 ಲಕ್ಷ. ಸಂಬಳದ 22 ಲಕ್ಷ, ಯಂತ್ರಗಳ ವಾರ್ಷಿಕ ನಿರ್ವಹಣೆಯ 3 ಲಕ್ಷ ಮುಟ್ಟುವಂತಿಲ್ಲ. ಉಳಿದ 15 ಲಕ್ಷಕ್ಕೆ 4.8 ಎಂದರೆ ಶೇ 32. ಆಗಲೇ ಅಕ್ಟೋಬರ್, ಅದರಲ್ಲೂ ಅರ್ಧ ಖರ್ಚಾಗಿತ್ತು. ಕೈಯಲ್ಲಿದ್ದ 7.5 ಲಕ್ಷದ ಮೇಲೆ ಆ ಕಡಿತ ಶೇ 64! ರಕ್ತಪರೀಕ್ಷೆಯ ರೀಜೆಂಟುಗಳನ್ನು ಕೊಳ್ಳಬೇಕಾದದ್ದೂ ಅದೇ ಹಣದಲ್ಲಿ.

ಮರುಕದ ಮಾತು ಎಷ್ಟೇ ಸೇರಿಸಿದರೂ ಈ 64 ಕಾಣದಿದ್ದರೆ ಪತ್ರ ಸುಳ್ಳಾಗುತ್ತದೆ. ಹಾಗಾಗಿ ಪ್ರತಿ ವಿಭಾಗಕ್ಕೂ ಉಳಿದ ಹಣದ ಮೇಲಿನ ಕಡಿತವನ್ನೇ ಬರೆದೆ. ಕರಡು ಓದಿದ ಆಡಳಿತ ಸಮಿತಿ ತಾನೇ ಹಿಂದೆಗೆಯಿತು: ರೀಜೆಂಟುಗಳನ್ನು ಬಿಟ್ಟು, ಹೊಸ ಉಪಕರಣ ಮತ್ತು ತರಬೇತಿಯಿಂದ ಮಾತ್ರ 2 ಲಕ್ಷ ತೆಗೆಯಿತು, ಉಳಿದದ್ದನ್ನು ಸಭಾಂಗಣದ ನವೀಕರಣದಿಂದ ತುಂಬಿಕೊಂಡಿತು.

ಕಾರಣದ ಜಾಗದಲ್ಲಿ ‘ಆರ್ಥಿಕ ಪರಿಸ್ಥಿತಿ’ ಹೋಗಿ, ವಿಮಾ ಕ್ಲೈಮುಗಳ ಹಣ ತಡವಾಗಿದೆ, ನಿಮ್ಮ ವಿಭಾಗದ ಕೆಲಸದಲ್ಲಿ ಕೊರತೆಯಿಲ್ಲ ಎಂಬ ಎರಡು ಮಾತು ಬಂದವು. ಎರಡನೆಯದು ಇರದಿದ್ದರೆ ಓದಿದವರು ತಪ್ಪನ್ನು ತಮ್ಮಲ್ಲೇ ಹುಡುಕುತ್ತಾರೆ.

ವ್ಯಾಪ್ತಿಯನ್ನು ಹೇಳುವ ಸ್ಪಷ್ಟತೆಗೆ 2020ರ ಏಪ್ರಿಲ್ 8ರ ಕೇಂದ್ರ ಹಣಕಾಸು ಸಚಿವಾಲಯದ ಆದೇಶ ನೆನಪಾಗುತ್ತದೆ. ಲಾಕ್‌ಡೌನಿನ ಆ ದಿನಗಳಲ್ಲಿ ಅದು ಸಚಿವಾಲಯ, ಇಲಾಖೆಗಳನ್ನು ಮೂರು ವರ್ಗ ಮಾಡಿತು. ಮೊದಲನೆಯದಕ್ಕೆ ಕಡಿತವಿಲ್ಲ, ಎರಡನೆಯದಕ್ಕೆ ಮೊದಲ ತ್ರೈಮಾಸಿಕದಲ್ಲಿ ವರ್ಷದ ಬಜೆಟ್ಟಿನ ಶೇ 20, ಮೂರನೆಯದಕ್ಕೆ ಶೇ 15ರ ಮಿತಿ. ತಿಂಗಳಿಗೆ ಎಷ್ಟೆಂದೂ, ಮಿತಿ ಮೀರಬೇಕಾದರೆ ಯಾರ ಪೂರ್ವಾನುಮತಿ ಬೇಕೆಂದೂ ಹೇಳಿತ್ತು. ಓದಿದವರಿಗೆ ಊಹಿಸುವ ಕೆಲಸವಿರಲಿಲ್ಲ.

ಇಂಥ ಸುತ್ತೋಲೆಯಲ್ಲಿ ಮೇಲ್ಮನವಿಯೇ ಕಷ್ಟದ ಭಾಗ. ‘ತೊಂದರೆಯಿದ್ದಲ್ಲಿ ಸಂಪರ್ಕಿಸಿ’ ಎಂದರೆ ಸಾಲದು. ಯಾರಿಗೆ, ಯಾವ ದಿನದೊಳಗೆ, ಯಾವ ಕಾಗದದ ಜೊತೆ ಬರೆಯಬೇಕು, ತೀರ್ಮಾನ ಬರುವತನಕ ಆರ್ಡರ್ ಕೊಡಬಹುದೇ, ಇಷ್ಟೂ ಇರಬೇಕು. ಉಳಿತಾಯದಲ್ಲಿ ಒಂದು ಪಾಲನ್ನು ಮನವಿಗಳಿಗೆಂದೇ ಮೀಸಲಿಡಬೇಕು. ಇಲ್ಲದಿದ್ದರೆ ಒಬ್ಬರಿಗೆ ಮರಳಿಸುವ ರೂಪಾಯಿಯನ್ನು ಇನ್ನೊಬ್ಬರಿಂದ ಮತ್ತೆ ಕಿತ್ತುಕೊಳ್ಳಬೇಕಾಗುತ್ತದೆ. ಅಂಥ ಮೀಸಲು ಇಡಲಾಗದ ವರ್ಷ, ತೀರ್ಮಾನ ಬದಲಾಗುವುದಿಲ್ಲ ಎಂದು ನೇರವಾಗಿ ಬರೆಯುವುದೇ ಗೌರವ. ಹಾಗೆ ಬರೆದರೆ ಮುಖ್ಯಸ್ಥರು ಮನವಿ ಬರೆಯುತ್ತ ಕೂರದೆ, ಉಳಿದ ಹಣದಲ್ಲಿ ಯಾವ ಪರೀಕ್ಷೆ ಮೊದಲು ಎಂದು ಅಂದೇ ಯೋಚಿಸಬಲ್ಲರು.